ವಿಮಾನದ ಹಿಂದೊಂದು ಹಲ್ಲಿ ಬಾಲ

(ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೂ ಆಸಕ್ತರಿಗೂ ಕೊಟ್ಟ ಉಪನ್ಯಾಸದ ಬರಹ ರೂಪ. ಮಾತಿನ ಧಾಟಿಯನ್ನು ಹಾಗೇ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಯಲಹಂಕದ ಏರ್ ಶೋಗೆ ನಿಮ್ಮಲ್ಲಿ ತುಂಬಾ ಜನ ಹೋಗಿರುತ್ತೀರಿ. ಯುದ್ಧವಿಮಾನದ ರೆಕ್ಕೆ ಕೆಳಗೆ ಉದ್ದನೆಯ ಕೊಳವೆಗಳು ತೂಗುತ್ತಿರುತ್ತವೆ. ನೋಡಿದವರು ಎಲ್ಲವನ್ನೂ ಬಾಂಬು ಅಂದುಕೊಳ್ಳುತ್ತಾರೆ. ಕೆಲವು ಇಂಧನದ ಟ್ಯಾಂಕು, ಕೆಲವು ಬಾಂಬು. ಇನ್ನು ಕೆಲವು ಎರಡೂ ಅಲ್ಲ. ಅವು ಸ್ಫೋಟಿಸುವುದಿಲ್ಲ, ಏನನ್ನೂ ಉದುರಿಸುವುದಿಲ್ಲ. ಅವುಗಳ ಒಳಗೆ ಇರುವುದು ರೇಡಿಯೋ. ಶತ್ರುವಿನ ರೇಡಾರ್‌ಗೆ ಸುಳ್ಳು ಹೇಳುವ ರೇಡಿಯೋ. ಅದಕ್ಕೆ ಜಾಮರ್ ಪಾಡ್ ಅನ್ನುತ್ತಾರೆ.

ಇವತ್ತು ನಾನು ಹೇಳಬೇಕೆಂದಿರುವುದು ಒಂದೇ ವಿಷಯ. ರೇಡಾರ್‌ಗೆ ದೂರದ ಬಗ್ಗೆ ಸುಳ್ಳು ಹೇಳಬಹುದು. ವೇಗದ ಬಗ್ಗೆಯೂ ಹೇಳಬಹುದು. ಆದರೆ ನೀವು ಯಾವ ದಿಕ್ಕಿನಲ್ಲಿ ಇದ್ದೀರಿ ಅನ್ನುವುದರ ಬಗ್ಗೆ ಸುಳ್ಳು ಹೇಳುವುದು ಬಹಳ ಕಷ್ಟ. ಯಾಕೆಂದರೆ ಆ ಸುಳ್ಳು ನಿಮ್ಮ ಬಾಯಿಂದಲೇ ಹೊರಡುತ್ತದೆ. ಈ ಒಂದು ತೊಡಕಿನಿಂದಲೇ, ವಿಮಾನದ ಹಿಂದೆ ತಂತಿ ಕಟ್ಟಿ ಒಂದು ಪುಟ್ಟ ನಕಲಿ ಗುರಿಯನ್ನು, ಅಂದರೆ ಡಿಕಾಯ್ ಒಂದನ್ನು, ಎಳೆದುಕೊಂಡು ಹೋಗುವ ಪದ್ಧತಿ ಹುಟ್ಟಿತು.

ಮೊದಲು ರೇಡಾರ್ ಏನು ಮಾಡುತ್ತದೆ ನೋಡೋಣ. ಬೆಟ್ಟದ ಎದುರು ನಿಂತು ಕೂಗಿದರೆ ಸ್ವಲ್ಪ ಹೊತ್ತಿಗೆ ಪ್ರತಿಧ್ವನಿ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಅನ್ನುವುದರಿಂದ ಬೆಟ್ಟ ಎಷ್ಟು ದೂರ ಎಂದು ಹೇಳಬಹುದು. ರೇಡಾರ್ ಕೂಡ ಹಾಗೇ, ಆದರೆ ರೇಡಿಯೋ ಅಲೆ ಬೆಳಕಿನ ವೇಗದಲ್ಲಿ ಹೋಗುತ್ತದೆ. ಹೋಗಿ ಬರುವುದು ಎರಡೂ ಸೇರಿ, ಒಂದು ಮೈಕ್ರೋಸೆಕೆಂಡ್ ತಡವಾದರೆ 150 ಮೀಟರ್ ದೂರ ಅಂತ ಲೆಕ್ಕ. ಇದು ದೂರದ ಮಾತು. ಇನ್ನು ವೇಗ. ಆಂಬುಲೆನ್ಸ್ ಹತ್ತಿರ ಬರುವಾಗ ಸೈರನ್ ಕೀರಲಾಗಿ ಕೇಳುತ್ತದೆ, ದಾಟಿ ಹೋದ ಮೇಲೆ ದಪ್ಪವಾಗುತ್ತದೆ ಅಲ್ವಾ? ಅದೇ ಡಾಪ್ಲರ್. 10 ಗಿಗಾಹರ್ಟ್ಸ್ ರೇಡಾರ್ ಕಡೆಗೆ ಸೆಕೆಂಡಿಗೆ 300 ಮೀಟರ್ ವೇಗದಲ್ಲಿ ವಿಮಾನ ಬರುತ್ತಿದ್ದರೆ, ಮರಳಿ ಬಂದ ಅಲೆ 20 ಕಿಲೋಹರ್ಟ್ಸ್‌ನಷ್ಟು ಸರಿದಿರುತ್ತದೆ. ಮೂರನೆಯದು ದಿಕ್ಕು. ಆಂಟೆನಾ ಯಾವ ಕಡೆ ತಿರುಗಿದಾಗ ಪ್ರತಿಧ್ವನಿ ಜೋರಾಗಿದೆ ಅನ್ನುವುದರಿಂದ ಅದು ಗೊತ್ತಾಗುತ್ತದೆ.

ಈ ಮೂರನ್ನೂ ಮುಚ್ಚಿಡುವ ಅತಿ ಸರಳ ದಾರಿ ಗದ್ದಲ ಮಾಡುವುದು. ರೇಡಾರ್ ಕೇಳುವ ತರಂಗದಲ್ಲೇ ವಿಮಾನ ಜೋರಾಗಿ ಅರ್ಥವಿಲ್ಲದ ಸದ್ದು ಹೊರಡಿಸುತ್ತದೆ. ಜಾತ್ರೆಯಲ್ಲಿ ಮೈಕ್ ಕಿರುಚುತ್ತಿರುವಾಗ ಪಕ್ಕದವರ ಮಾತು ಕೇಳುವುದಿಲ್ಲವಲ್ಲ, ಹಾಗೆ. ಪ್ರತಿಧ್ವನಿ ಈ ಸದ್ದಿನಲ್ಲಿ ಮುಳುಗಿಹೋಗುತ್ತದೆ.

ಇದಕ್ಕೊಂದು ಮಿತಿ ಇದೆ. ರೇಡಾರ್‌ನ ಅಲೆ ವಿಮಾನದವರೆಗೆ ಹೋಗಿ ಮತ್ತೆ ವಾಪಸ್ ಬರಬೇಕು. ಹೋಗುವಾಗಲೂ ಸೊರಗುತ್ತದೆ, ಬರುವಾಗಲೂ ಸೊರಗುತ್ತದೆ. ಜಾಮರ್‌ನ ಸದ್ದು ಒಂದೇ ಕಡೆ ಪ್ರಯಾಣ ಮಾಡುತ್ತದೆ. ಹಾಗಾಗಿ ದೂರದಲ್ಲಿ ಜಾಮರ್ ಗೆಲ್ಲುತ್ತದೆ, ಹತ್ತಿರ ಬಂದಂತೆ ಸೋಲುತ್ತದೆ. ಒಂದು ಉದಾಹರಣೆ ಇಟ್ಟುಕೊಳ್ಳಿ. 40 ಕಿಲೋಮೀಟರ್ ದೂರದಲ್ಲಿ ಜಾಮರ್‌ನ ಸದ್ದು ಪ್ರತಿಧ್ವನಿಗಿಂತ 16 ಪಟ್ಟು ಜಾಸ್ತಿ ಇದೆ ಅನ್ನೋಣ. 20 ಕಿಲೋಮೀಟರಿಗೆ ಬಂದಾಗ ಅದು 4 ಪಟ್ಟು ಮಾತ್ರ. 10 ಕಿಲೋಮೀಟರಿಗೆ ಎರಡೂ ಸಮ. ಅಲ್ಲಿಂದ ಒಳಗೆ ವಿಮಾನ ಬೆತ್ತಲೆ. ಈ ಗಡಿಗೆ ಬರ್ನ್ ಥ್ರೂ ಅನ್ನುತ್ತಾರೆ.

ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಕತ್ತಲಲ್ಲಿ ಎದುರಿನಿಂದ ಬೈಕಿನವನು ಹೈ ಬೀಮ್ ಹಾಕಿಕೊಂಡು ಬರುತ್ತಾನೆ. ಅವನ ಮುಖ ಕಾಣುವುದಿಲ್ಲ. ಎಷ್ಟು ದೂರದಲ್ಲಿದ್ದಾನೆ ಅನ್ನುವುದೂ ಸರಿಯಾಗಿ ತಿಳಿಯುವುದಿಲ್ಲ. ಆದರೆ ಯಾವ ಕಡೆ ಇದ್ದಾನೆ ಅನ್ನುವುದು ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಗದ್ದಲದ ಜಾಮಿಂಗ್ ಕೂಡ ಹಾಗೇ. ದೂರ ಮುಚ್ಚಿಹೋಗುತ್ತದೆ, ದಿಕ್ಕು ಎದ್ದು ಕಾಣುತ್ತದೆ.

ಅಮೆರಿಕದ ಜೊತೆಗಿನ ಯುದ್ಧದಲ್ಲಿ ಉತ್ತರ ವಿಯೆಟ್ನಾಂನವರು ಇದನ್ನು ಚೆನ್ನಾಗಿ ಬಳಸಿಕೊಂಡರು. ಅವರ ಹತ್ತಿರ ಇದ್ದದ್ದು ಸೋವಿಯತ್ ಒಕ್ಕೂಟ ಕೊಟ್ಟ ಎಸ್‌ಎ-2 ಕ್ಷಿಪಣಿ. ನೆಲದ ಮೇಲಿನ ರೇಡಾರ್ ವಿಮಾನವನ್ನೂ ಕ್ಷಿಪಣಿಯನ್ನೂ ನೋಡುತ್ತಾ, ಕ್ಷಿಪಣಿಗೆ ರೇಡಿಯೋ ಮೂಲಕ ದಾರಿ ಹೇಳುತ್ತಿತ್ತು. ಜಾಮಿಂಗ್‌ನಿಂದ ದೂರ ಗೊತ್ತಾಗದೇ ಇದ್ದಾಗ ಅವರು ಮೂರು ಬಿಂದುಗಳ ಪದ್ಧತಿ ಹಿಡಿದರು. ರೇಡಾರ್ ಒಂದು ಬಿಂದು, ಕ್ಷಿಪಣಿ ಇನ್ನೊಂದು, ಗದ್ದಲದ ಮೂಲ ಮೂರನೆಯದು. ಮೂರೂ ಸದಾ ಒಂದೇ ಗೆರೆಯ ಮೇಲೆ ಇರುವಂತೆ ಕ್ಷಿಪಣಿಯನ್ನು ನಡೆಸಿದರೆ ಸಾಕು. ದೂರ ಎಷ್ಟು ಅನ್ನುವುದು ಬೇಕಾಗುವುದೇ ಇಲ್ಲ. ಗೆರೆಯ ಮೇಲೆ ಹೋಗುತ್ತಾ ಹೋದರೆ ಒಂದು ಕಡೆ ವಿಮಾನ ಸಿಗಲೇಬೇಕು. ಗುರಿ ಅಷ್ಟು ಚೊಕ್ಕವಾಗಿರುವುದಿಲ್ಲ, ಕೊನೆಯಲ್ಲಿ ಕ್ಷಿಪಣಿ ಜಾಸ್ತಿ ತಿರುಗಬೇಕಾಗುತ್ತದೆ, ನಿಜ. ಆದರೆ ದಾರಿ ಪೂರ್ತಿ ಮುಚ್ಚಿಹೋಗಲಿಲ್ಲ.

1972ರ ಡಿಸೆಂಬರ್ 18ರ ರಾತ್ರಿ ಅಮೆರಿಕದ 129 ಬಿ-52 ಬಾಂಬರ್‌ಗಳು ಹನೋಯ್ ಸುತ್ತಮುತ್ತ ದಾಳಿಗೆ ಹೊರಟವು. ಮೂರು ಮೂರು ವಿಮಾನಗಳ ಗುಂಪಾಗಿ ಹಾರುತ್ತಿದ್ದವು. ಮೂರರ ಜಾಮರ್‌ಗಳೂ ಸೇರಿದರೆ ಸದ್ದು ದಟ್ಟವಾಗುತ್ತದೆ ಅನ್ನುವುದು ಲೆಕ್ಕ. ಮುಂದೆ ಹೋದ ಬೇರೆ ವಿಮಾನಗಳು ರೇಡಾರ್‌ಗೆ ಸುಳ್ಳು ಪ್ರತಿಧ್ವನಿ ಕೊಡುವ ಲೋಹದ ಸಣ್ಣ ಎಳೆಗಳನ್ನು ಚೆಲ್ಲಿ ಒಂದು ಮೋಡದ ಓಣಿ ಮಾಡಿಟ್ಟಿದ್ದವು. ಕಾಗದದ ಮೇಲೆ ಎಲ್ಲ ಸರಿಯಾಗಿತ್ತು.

ತಪ್ಪಿದ್ದು ಬಾಂಬು ಹಾಕಿದ ಮೇಲಿನ ತಿರುವಿನಲ್ಲಿ. ಬೇಗ ಹೊರಗೆ ಹೋಗಬೇಕು ಅಂತ ವಿಮಾನಗಳು ಬಾಂಬು ಹಾಕಿದ ಕೂಡಲೇ ಕಡಿದಾಗಿ ವಾಲಿ ತಿರುಗುತ್ತಿದ್ದವು. ಈಗ ಯೋಚನೆ ಮಾಡಿ. ಜಾಮರ್‌ನ ಆಂಟೆನಾ ಇರುವುದು ವಿಮಾನದ ಹೊಟ್ಟೆಯ ಕಡೆ, ನೆಲವನ್ನು ನೋಡುವ ಹಾಗೆ. ವಿಮಾನ ವಾಲಿದ ಕ್ಷಣ ಆಂಟೆನಾವೂ ವಾಲುತ್ತದೆ. ಸದ್ದು ಕೆಳಗಿನ ರೇಡಾರ್ ಕಡೆ ಹೋಗುವ ಬದಲು ಪಕ್ಕಕ್ಕೆ ಎಲ್ಲೋ ಹೋಗುತ್ತದೆ. ಅದೇ ಹೊತ್ತಿಗೆ ಅಷ್ಟಗಲದ ರೆಕ್ಕೆಗಳು ರೇಡಾರ್‌ಗೆ ಪೂರ್ತಿ ಕಾಣುತ್ತವೆ. ಮುಚ್ಚುವ ಸದ್ದು ಕಮ್ಮಿ, ಪ್ರತಿಧ್ವನಿ ಜಾಸ್ತಿ. ಇಷ್ಟು ಸಾಲದು ಎಂಬಂತೆ, ತಿರುಗಿದ ಮೇಲೆ ಮೇಲಿನ ಜೋರುಗಾಳಿ ಎದುರಾಗಿ ವಿಮಾನದ ವೇಗ ತಗ್ಗುತ್ತಿತ್ತು. ಲೋಹದ ಎಳೆಗಳ ಮೋಡವನ್ನೂ ಅದೇ ಗಾಳಿ ಬೇರೆ ಕಡೆ ಹೊತ್ತುಕೊಂಡು ಹೋಗಿತ್ತು.

ಮೊದಲ ರಾತ್ರಿ 3 ಬಿ-52 ಬಿದ್ದವು. ಆದರೂ ಅದೇ ದಾರಿ, ಅದೇ ಎತ್ತರ, ಅದೇ ತಿರುವು ಮುಂದುವರಿಯಿತು. ಮೂರನೇ ರಾತ್ರಿ 6 ಹೋದವು. ಆಮೇಲೆ ಯೋಜನೆ ಬದಲಾಯಿತು. ಡಿಸೆಂಬರ್ 26ರಂದು 120 ಬಾಂಬರ್‌ಗಳು ಬೇರೆ ಬೇರೆ ದಿಕ್ಕಿನಿಂದ, ಕಾಲು ಗಂಟೆಯ ಒಳಗೆ ಒಟ್ಟಿಗೆ ಬಂದವು. ಆ ಕಡಿದಾದ ತಿರುವನ್ನೂ ಬಿಟ್ಟರು. ಆ ರಾತ್ರಿ ನಷ್ಟ ಎರಡಕ್ಕೆ ಇಳಿಯಿತು. ಇಡೀ ದಾಳಿಯಲ್ಲಿ ಒಟ್ಟು 15 ಬಿ-52 ನಾಶವಾದವು. ಕೆಳಗೆ ಊರಿನಲ್ಲಿ ಸತ್ತ ಜನರ ಲೆಕ್ಕ ಇದಕ್ಕಿಂತ ಎಷ್ಟೋ ದೊಡ್ಡದು, ಅದನ್ನು ಮರೆತು ನಾವು ಆಂಟೆನಾ ಬಗ್ಗೆ ಮಾತ್ರ ಮಾತಾಡಬಾರದು. ಆದರೆ ಎಂಜಿನಿಯರ್ ಆಗುವವರು ಆ ತಿರುವನ್ನು ನೆನಪಿಡಬೇಕು. ಪೆಟ್ಟಿಗೆಯಲ್ಲಿ ಏನೂ ಕೆಟ್ಟಿರಲಿಲ್ಲ. ಆಂಟೆನಾ ಎತ್ತ ನೋಡುತ್ತಿದೆ ಅನ್ನುವುದು ಕೆಟ್ಟಿತ್ತು.

ಗದ್ದಲಕ್ಕಿಂತ ನಾಜೂಕಾದ ದಾರಿ ಸುಳ್ಳು ಪ್ರತಿಧ್ವನಿ. ರೇಡಾರ್ ಗುರಿಯನ್ನು ಹಿಡಿದ ಮೇಲೆ ಇಡೀ ಆಕಾಶವನ್ನು ಕೇಳುತ್ತಾ ಕೂರುವುದಿಲ್ಲ. ಪ್ರತಿಧ್ವನಿ ಬರಬೇಕಾದ ಹೊತ್ತಿಗೆ ಮಾತ್ರ ಒಂದು ಸಣ್ಣ ಕಿಟಕಿ ತೆರೆಯುತ್ತದೆ. ವಿಮಾನ ಸರಿದಂತೆ ಕಿಟಕಿಯೂ ಸರಿಯುತ್ತದೆ. ಜಾಮರ್ ಏನು ಮಾಡುತ್ತದೆ ಅಂದರೆ, ರೇಡಾರ್ ಕಳಿಸಿದ ಅಲೆಯ ತುಣುಕನ್ನು, ಅಂದರೆ ಸ್ಪಂದನವನ್ನು ಹಿಡಿದು, ತಕ್ಷಣ ಅದರ ನಕಲನ್ನು ವಾಪಸ್ ಕಳಿಸುತ್ತದೆ, ಸ್ವಲ್ಪ ಜೋರಾಗಿ. ಕಿಟಕಿಯಲ್ಲಿ ಈಗ ನಿಜ ಮತ್ತು ನಕಲು ಎರಡೂ ಒಂದರ ಮೇಲೊಂದು ಇವೆ. ರೇಡಾರ್ ಜೋರಾಗಿರುವುದನ್ನು ನಂಬುತ್ತದೆ. ಆಮೇಲೆ ಜಾಮರ್ ನಕಲನ್ನು ಸ್ವಲ್ಪ ಸ್ವಲ್ಪವೇ ತಡ ಮಾಡುತ್ತಾ ಹೋಗುತ್ತದೆ. ಕಿಟಕಿ ನಕಲಿನ ಹಿಂದೆ ಹೋಗುತ್ತದೆ. 10 ಮೈಕ್ರೋಸೆಕೆಂಡ್ ತಡವಾಗುವ ಹೊತ್ತಿಗೆ ರೇಡಾರ್ ವಿಮಾನದಿಂದ ಒಂದೂವರೆ ಕಿಲೋಮೀಟರ್ ಹಿಂದಿನ ಖಾಲಿ ಆಕಾಶವನ್ನು ನೋಡುತ್ತಿರುತ್ತದೆ. ಆಗ ಜಾಮರ್ ಸುಮ್ಮನಾಗುತ್ತದೆ. ಕಿಟಕಿಯಲ್ಲಿ ಏನೂ ಇಲ್ಲ. ರೇಡಾರ್ ಮತ್ತೆ ಮೊದಲಿನಿಂದ ಹುಡುಕಬೇಕು.

ಇದೇ ಆಟವನ್ನು ಡಾಪ್ಲರ್ ಜೊತೆಗೂ ಆಡಬಹುದು. ನಕಲಿನ ಆವರ್ತನವನ್ನು ನಿಧಾನವಾಗಿ ಸರಿಸಿದರೆ ವೇಗದ ಕಿಟಕಿ ದಾರಿ ತಪ್ಪುತ್ತದೆ. ಆದರೆ ಎರಡನ್ನೂ ಒಂದಕ್ಕೊಂದು ಹೊಂದುವ ಹಾಗೆ ಮಾಡಬೇಕು. ದೂರ ಸೆಕೆಂಡಿಗೆ 200 ಮೀಟರ್ ಹೆಚ್ಚುತ್ತಿದೆ, ಡಾಪ್ಲರ್ ನೋಡಿದರೆ ವಿಮಾನ ಹತ್ತಿರ ಬರುತ್ತಿದೆ ಅನ್ನುತ್ತಿದೆ. ಹೀಗಾದರೆ ಚುರುಕಾದ ರೇಡಾರ್ ತಕ್ಷಣ ಹೇಳುತ್ತದೆ: ಇದು ನಕಲು. ಜಾಮರ್ ಸಿಕ್ಕಿಬೀಳುವುದು ಬಹಳ ಸಲ ಹೀಗೆಯೇ. ಸುಳ್ಳು ಸಣ್ಣದು ಅಂತಲ್ಲ, ಎರಡು ಸುಳ್ಳು ತಾಳೆಯಾಗಲಿಲ್ಲ ಅಂತ.

ಈಗ ಲೋಹದ ಎಳೆಗಳ ವಿಷಯಕ್ಕೆ ಬರೋಣ. ಇದಕ್ಕೆ ಚಾಫ್ ಅನ್ನುತ್ತಾರೆ. ಎಳೆಯ ಉದ್ದ ರೇಡಾರ್ ಅಲೆಯ ಉದ್ದದ ಅರ್ಧ ಇದ್ದರೆ ಅದು ತನ್ನ ಗಾತ್ರಕ್ಕೆ ಮೀರಿ ಪ್ರತಿಧ್ವನಿ ಕೊಡುತ್ತದೆ. 1943ರ ಜುಲೈ 24ರ ರಾತ್ರಿ ಬ್ರಿಟಿಷರು ಹ್ಯಾಂಬರ್ಗ್ ಮೇಲೆ ಇದನ್ನು ಮೊದಲ ಸಲ ದೊಡ್ಡದಾಗಿ ಬಳಸಿದರು. ಜರ್ಮನರ ವುರ್ಟ್ಸ್‌ಬರ್ಗ್ ರೇಡಾರ್‌ನ ಅಲೆ ಸುಮಾರು 53 ಸೆಂಟಿಮೀಟರ್. ಎಳೆಗಳು ಅದರ ಅರ್ಧ, ಸುಮಾರು 27. ಹೊರಟ 791 ಬಾಂಬರ್‌ಗಳಲ್ಲಿ 12 ಮಾತ್ರ ಮರಳಲಿಲ್ಲ. ಈ ಉಪಾಯ ಎರಡೂ ಕಡೆಯವರಿಗೆ ಮೊದಲೇ ಗೊತ್ತಿತ್ತು. ನಾವು ಬಳಸಿದರೆ ಅವರೂ ಕಲಿತು ನಮ್ಮ ಮೇಲೆ ಬಳಸುತ್ತಾರೆ ಅನ್ನುವ ಭಯದಿಂದ ಇಬ್ಬರೂ ಬಚ್ಚಿಟ್ಟುಕೊಂಡಿದ್ದರು.

ಆದರೆ ಚಾಫ್‌ಗೆ ಎಂಜಿನ್ ಇಲ್ಲ. ವಿಮಾನದಿಂದ ಹೊರಬಿದ್ದ ಕೂಡಲೇ ಗಾಳಿಯಲ್ಲಿ ನಿಂತುಬಿಡುತ್ತದೆ. ಅದರ ವೇಗ ಗಾಳಿಯ ವೇಗ, ಅಷ್ಟೇ. ಡಾಪ್ಲರ್ ನೋಡುವ ರೇಡಾರ್‌ಗೆ ಇದು ಸಲೀಸು. ಒಂದು ಸೆಕೆಂಡಿಗೆ 300 ಮೀಟರ್ ಓಡುತ್ತಿದೆ, ಇನ್ನೊಂದು ಹೆಚ್ಚುಕಡಿಮೆ ನಿಂತಿದೆ. ನಿಂತದ್ದನ್ನು ಬಿಡು, ಓಡುವುದನ್ನು ಹಿಡಿ. ಹಾಗಾಗಿ ಇವತ್ತಿನ ಪೈಲಟ್ ಸುಮ್ನೆ ಚಾಫ್ ಚೆಲ್ಲಿದರೆ ಪ್ರಯೋಜನ ಕಡಿಮೆ. ಅವನು ಮೊದಲು ವಿಮಾನವನ್ನು ರೇಡಾರ್‌ಗೆ ಅಡ್ಡವಾಗಿ ತಿರುಗಿಸುತ್ತಾನೆ. ಅಡ್ಡ ಹೋಗುವಾಗ ಹತ್ತಿರವೂ ಬರುತ್ತಿಲ್ಲ, ದೂರವೂ ಹೋಗುತ್ತಿಲ್ಲ. ಡಾಪ್ಲರ್ ಬಹುತೇಕ ಸೊನ್ನೆ. ಆಗ ವಿಮಾನ, ಚಾಫ್, ಕೆಳಗಿನ ನೆಲ ಎಲ್ಲವೂ ರೇಡಾರ್‌ಗೆ ಒಂದೇ ರೀತಿ ಕಾಣುತ್ತವೆ. ಆ ಕೆಲವು ಸೆಕೆಂಡುಗಳಲ್ಲಿ ಚಾಫ್ ಬಿಟ್ಟರೆ ಕೆಲಸ ಆಗುತ್ತದೆ.

ಇಲ್ಲಿವರೆಗೆ ದಿಕ್ಕಿನ ವಿಷಯ ಬಾಕಿ ಇಟ್ಟಿದ್ದೇನೆ. ಹಳೆಯ ರೇಡಾರ್‌ಗಳಿಗೆ ದಿಕ್ಕಿನಲ್ಲೂ ಮೋಸ ಮಾಡಬಹುದಿತ್ತು. ಅವು ತಮ್ಮ ಕಿರಣವನ್ನು ಗುರಿಯ ಸುತ್ತ ಬುಗುರಿಯ ಹಾಗೆ ಸುತ್ತಿಸುತ್ತಿದ್ದವು. ಯಾವ ಬದಿಯಲ್ಲಿ ಪ್ರತಿಧ್ವನಿ ಜೋರಾಯಿತೋ ಆ ಬದಿಗೆ ಸರಿಯುತ್ತಿದ್ದವು. ಜಾಮರ್ ಈ ಸುತ್ತಿನ ಲಯ ಹಿಡಿದು, ಕಿರಣ ಆಚೆ ಬದಿಗೆ ಹೋದಾಗ ಜೋರಾಗಿ ಕೂಗುತ್ತಿತ್ತು. ರೇಡಾರ್ ತಪ್ಪು ಬದಿಗೆ ಹೊರಳುತ್ತಿತ್ತು.

ಇದನ್ನು ಮುಗಿಸಿದ್ದು ಮಾನೋಪಲ್ಸ್. ಇದರಲ್ಲಿ ಕಿರಣ ಸುತ್ತುವುದಿಲ್ಲ. ಒಂದೇ ಸ್ಪಂದನವನ್ನು ಆಂಟೆನಾ ಏಕಕಾಲಕ್ಕೆ ಹಲವು ಕಿವಿಗಳಲ್ಲಿ ಕೇಳುತ್ತದೆ. ಎಡಗಿವಿಗೆ ಎಷ್ಟು, ಬಲಗಿವಿಗೆ ಎಷ್ಟು, ಮೇಲಿನದಕ್ಕೆ ಎಷ್ಟು, ಕೆಳಗಿನದಕ್ಕೆ ಎಷ್ಟು. ಹೋಲಿಸಿ ದಿಕ್ಕು ಹೇಳಿಬಿಡುತ್ತದೆ. ಜಾಮರ್ ಜೋರು ಮಾಡಿದರೂ ಎಲ್ಲ ಕಿವಿಗೂ ಅದೇ ಪ್ರಮಾಣದಲ್ಲಿ ಜೋರಾಗುತ್ತದೆ, ಹೋಲಿಕೆ ಬದಲಾಗುವುದಿಲ್ಲ. ದೂರದ ಸುಳ್ಳು, ವೇಗದ ಸುಳ್ಳು, ಬರೀ ಗದ್ದಲ, ಏನೇ ಕಳಿಸಿ, ಅದು ಬರುವುದು ವಿಮಾನ ಇರುವ ಜಾಗದಿಂದಲೇ. ಮುಂದೆ ಕ್ಷಿಪಣಿಗಳಿಗೆ ಇದನ್ನೇ ಕಲಿಸಿದರು: ಗದ್ದಲ ಜಾಸ್ತಿಯಾದರೆ ಪ್ರತಿಧ್ವನಿಯನ್ನು ಬಿಡು, ಗದ್ದಲದ ಕಡೆಗೇ ಹೋಗು. ಆಗ ವಿಮಾನ ತನ್ನ ಜಾಮರ್‌ನಿಂದಲೇ ಕ್ಷಿಪಣಿಗೆ ದಾರಿದೀಪ ಹಿಡಿದಂತಾಗುತ್ತದೆ.

ಹಾಗಾದರೆ ಉಪಾಯ ಏನು? ಸುಳ್ಳು ಹೇಳುವ ಬಾಯಿಯನ್ನೇ ದೇಹದಿಂದ ದೂರ ಇಡುವುದು.

ಹಲ್ಲಿ ಬಾಲ ಕಳಚುವುದನ್ನು ನೀವೆಲ್ಲ ನೋಡಿದ್ದೀರಿ. ಬಾಲ ಕುಣಿಯುತ್ತಿರುತ್ತದೆ, ಬೆಕ್ಕು ಅದನ್ನು ಹಿಡಿಯುತ್ತದೆ, ಹಲ್ಲಿ ಗೋಡೆ ಹತ್ತಿರುತ್ತದೆ. ಎಎಲ್‌ಇ-50 ಅನ್ನುವ ಅಮೆರಿಕದ ಡಿಕಾಯ್ ಹೆಚ್ಚುಕಡಿಮೆ ಹಾಗೇ. ತಯಾರಿಸಿದ್ದು ರೇಥಿಯಾನ್ ಕಂಪನಿ. ಒಂದು ಸಣ್ಣ ಕೊಳವೆ, ಹಿಂದೆ ಪುಟ್ಟ ರೆಕ್ಕೆಗಳು. ಅಪಾಯದ ಜಾಗಕ್ಕೆ ಬಂದಾಗ ವಿಮಾನದಿಂದ ಹೊರಬಂದು ಸುಮಾರು 100 ಮೀಟರ್ ಹಿಂದೆ ತಂತಿಯ ತುದಿಯಲ್ಲಿ ಹಾರುತ್ತದೆ. ಕರೆಂಟು ಬರುವುದು ಅದೇ ತಂತಿಯಲ್ಲಿ. ಬಂದ ರೇಡಾರ್ ಅಲೆಯನ್ನು ಹಿಡಿದು, ದೊಡ್ಡದು ಮಾಡಿ, ವಾಪಸ್ ಕಳಿಸುತ್ತದೆ. ಅಷ್ಟೇ ಕೆಲಸ. ವಿಮಾನದ ಜೊತೆಗೇ ಓಡುತ್ತಿರುವುದರಿಂದ ಅದರ ಡಾಪ್ಲರ್ ವಿಮಾನದ್ದೇ. ಚಾಫ್ ಸಿಕ್ಕಿಬಿದ್ದ ಜಾಗದಲ್ಲಿ ಇದು ಸಿಕ್ಕಿಬೀಳುವುದಿಲ್ಲ.

ಒಂದು ಲೆಕ್ಕ ಮಾಡಿ ನೋಡೋಣ. ಅಂಕಿಗಳು ಅರ್ಥವಾಗಲಿ ಅಂತ ನಾನು ದುಂಡಗೆ ಮಾಡಿಕೊಂಡವು. ಕ್ಷಿಪಣಿ ಪಕ್ಕದಿಂದ ಬರುತ್ತಿದೆ. ಅದರ ಮೂತಿಯಲ್ಲಿ ಸಣ್ಣ ಆಂಟೆನಾ, ಕಿರಣದ ಅಗಲ ಸುಮಾರು 10 ಡಿಗ್ರಿ. 10 ಕಿಲೋಮೀಟರ್ ದೂರದಿಂದ ನೋಡಿದರೆ ವಿಮಾನ ಮತ್ತು ಡಿಕಾಯ್ ನಡುವಿನ 100 ಮೀಟರ್ ಅರ್ಧ ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಎರಡು ವಸ್ತು ಇವೆ ಅಂತ ಕ್ಷಿಪಣಿಗೆ ಗೊತ್ತೇ ಆಗುವುದಿಲ್ಲ. ಎರಡೂ ಸೇರಿದ ಒಂದು ಮಸುಕಾದ ಗುರಿ ಕಾಣುತ್ತದೆ. ಅದರ ನಡುಬಿಂದು ಎಲ್ಲಿ? ತಕ್ಕಡಿಯ ಹಾಗೆ, ತೂಕ ಜಾಸ್ತಿ ಇರುವ ಕಡೆ. ಡಿಕಾಯ್ ಸದ್ದು ವಿಮಾನದ ಪ್ರತಿಧ್ವನಿಗಿಂತ 10 ಪಟ್ಟು ಇದ್ದರೆ, ಆ ಬಿಂದು ಡಿಕಾಯ್‌ಯಿಂದ 9 ಮೀಟರ್, ವಿಮಾನದಿಂದ 91 ಮೀಟರ್ ದೂರದಲ್ಲಿರುತ್ತದೆ. ಕ್ಷಿಪಣಿ ಅಲ್ಲಿಗೆ ಗುರಿ ಇಟ್ಟು ಬರುತ್ತದೆ.

ಹತ್ತಿರ ಬಂದಂತೆ ಎರಡೂ ಬೇರೆ ಬೇರೆ ಕಾಣತೊಡಗುತ್ತವೆ. 100 ಮೀಟರ್ ಅಗಲ 10 ಡಿಗ್ರಿಯಷ್ಟು ಕಾಣಬೇಕಾದರೆ ಕ್ಷಿಪಣಿ 570 ಮೀಟರ್ ಹತ್ತಿರ ಬಂದಿರಬೇಕು. ಸೆಕೆಂಡಿಗೆ ಒಂದು ಕಿಲೋಮೀಟರ್ ವೇಗದಲ್ಲಿ ಬರುತ್ತಿದ್ದರೆ ಉಳಿದಿರುವುದು ಅರ್ಧ ಸೆಕೆಂಡ್. ಅಷ್ಟರಲ್ಲಿ "ಅಯ್ಯೋ, ಇನ್ನೊಂದು ಇದೆ" ಅಂತ ತಿಳಿದು, ತಿರುಗಿ, 90 ಮೀಟರ್ ಪಕ್ಕಕ್ಕೆ ಹೋಗಬೇಕು. ಬಹುತೇಕ ಆಗದ ಕೆಲಸ. ಡಿಕಾಯ್ ಸಿಡಿಯುತ್ತದೆ, ವಿಮಾನ ಮುಂದೆ ಹೋಗುತ್ತದೆ.

1999ರಲ್ಲಿ ಸರ್ಬಿಯಾ ಮೇಲಿನ ದಾಳಿಯಲ್ಲಿ ಬಿ-1 ಬಾಂಬರ್‌ಗಳು ಇದನ್ನು ಎಳೆದುಕೊಂಡು ಹಾರಿದವು. ಒಂದೊಂದು ಬಾಂಬರ್ 8 ಡಿಕಾಯ್ ಹೊರಬಲ್ಲದು, ಬಾಲದ ಎರಡೂ ಬದಿಗೆ ನಾಲ್ಕು ನಾಲ್ಕು. ಕ್ಷಿಪಣಿಗಳು ವಿಮಾನ ಬಿಟ್ಟು ಡಿಕಾಯ್ ಹಿಡಿದವು ಎಂದು ಅಮೆರಿಕದವರು ಆಮೇಲೆ ಹೇಳಿದರು. ಪೈಲಟ್‌ಗಳು ಅದನ್ನು ಪುಟ್ಟ ಗೆಳೆಯ ಅಂತ ಕರೆಯತೊಡಗಿದರು. ಯುರೋಪಿನ ಟೈಫೂನ್ ಯುದ್ಧವಿಮಾನದ ಬಲ ರೆಕ್ಕೆಯ ತುದಿಯ ಪಾಡ್‌ನಲ್ಲೂ ಇಂಥ ಡಿಕಾಯ್‌ಗಳಿವೆ. ಮುಂದಿನ ಪೀಳಿಗೆಯಲ್ಲಿ ತಂತಿಯ ಜೊತೆ ಆಪ್ಟಿಕಲ್ ಫೈಬರ್ ಸೇರಿಸಿದರು. ಯೋಚನೆ ಮಾಡುವ ಪೆಟ್ಟಿಗೆ ವಿಮಾನದೊಳಗೆ, ಮಾತಾಡುವ ಬಾಯಿ ಮಾತ್ರ ಹಿಂದೆ. ಕಳೆದುಹೋಗುವ ಭಾಗ ಅಗ್ಗವಾಗಿ ಉಳಿಯುತ್ತದೆ, ಸುಳ್ಳು ಮಾತ್ರ ಹೆಚ್ಚು ಜಾಣವಾಗುತ್ತದೆ.

ಉಪನ್ಯಾಸ ಮುಗಿದ ಮೇಲೆ ಬಂದ ಎರಡು ಪ್ರಶ್ನೆಗಳನ್ನು ಇಲ್ಲೇ ಸೇರಿಸುತ್ತೇನೆ, ಎರಡೂ ಒಳ್ಳೆಯವು.

ಒಬ್ಬ ವಿದ್ಯಾರ್ಥಿನಿ ಕೇಳಿದಳು: "ಸರ್, ನೀವು ಕ್ಷಿಪಣಿ ಪಕ್ಕದಿಂದ ಬರುತ್ತದೆ ಅಂದಿರಿ. ಎದುರಿನಿಂದ ನೇರವಾಗಿ ಬಂದರೆ?"

ಇದೇ ಇದರ ದೊಡ್ಡ ಮಿತಿ. ಎದುರಿನಿಂದ ನೋಡಿದರೆ ವಿಮಾನ ಮುಂದೆ, ಡಿಕಾಯ್ ಅದರ ಬೆನ್ನ ಹಿಂದೆ, ಎರಡೂ ಒಂದೇ ಗೆರೆಯಲ್ಲಿ. ಕ್ಷಿಪಣಿ ಡಿಕಾಯ್‌ಗೇ ಗುರಿ ಇಟ್ಟಿರಬಹುದು, ಆದರೆ ಅಲ್ಲಿಗೆ ಹೋಗುವ ದಾರಿಯಲ್ಲಿ ವಿಮಾನದ ಮೈ ಸವರಿಕೊಂಡೇ ಹೋಗಬೇಕು. ಕ್ಷಿಪಣಿಯ ಸಿಡಿತಲೆಗೆ ಬಡಿಯುವ ಅಗತ್ಯ ಇಲ್ಲ. ಏನಾದರೂ ಹತ್ತಿರ ಸುಳಿದರೆ ಸಾಕು, ಅದರ ಫ್ಯೂಸ್ ಸಿಡಿಸಿಬಿಡುತ್ತದೆ. ಹಿಂದಿನಿಂದ ಅಟ್ಟಿಸಿಕೊಂಡು ಬಂದರೆ ಮೊದಲು ಡಿಕಾಯ್ ಸಿಗುತ್ತದೆ, ಒಳ್ಳೆಯದೇ. ಎದುರಿನಿಂದ ಬಂದಾಗ ಪೈಲಟ್ ವಿಮಾನವನ್ನು ಪಕ್ಕಕ್ಕೆ ತಿರುಗಿಸಲೇಬೇಕು, ತಂತಿ ಕ್ಷಿಪಣಿಗೆ ಅಡ್ಡವಾಗಿ ಕಾಣುವ ಹಾಗೆ. ಹಾಗಂತ ವಿಪರೀತ ಕಡಿದಾಗಿ ತಿರುಗಿದರೆ ತಂತಿ ತುಂಡಾಗಬಹುದು. ಎಂಜಿನ್‌ನ ಬೆಂಕಿಗೆ ಸಿಕ್ಕಿದರೂ ಅಷ್ಟೇ. ಇನ್ನೊಂದು ಮಾತು, ವಿಮಾನ ಪಕ್ಕಕ್ಕೆ ತಿರುಗಿದಾಗ ಅದರ ಪ್ರತಿಧ್ವನಿ ದೊಡ್ಡದಾಗುತ್ತದೆ. ನಾವು ಮಾಡಿದ ಲೆಕ್ಕದಲ್ಲಿ 10 ಪಟ್ಟು ಅಂದುಕೊಂಡಿದ್ದೆವು. ಅದು 2 ಪಟ್ಟಿಗೆ ಇಳಿದರೆ ನಡುಬಿಂದು ಡಿಕಾಯ್‌ಯಿಂದ 33 ಮೀಟರ್ ವಿಮಾನದ ಕಡೆಗೆ ಸರಿಯುತ್ತದೆ. ಸಿಡಿತಲೆ ದೊಡ್ಡದಿದ್ದರೆ ಚೂರುಗಳು ವಿಮಾನಕ್ಕೆ ತಾಗುವ ಅಪಾಯ ಇದೆ.

ಹಿಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಕೇಳಿದರು: "ಕ್ಷಿಪಣಿ ಬರಲೇ ಇಲ್ಲ ಅಂತಿಟ್ಟುಕೊಳ್ಳಿ. ಅದನ್ನು ಮತ್ತೆ ಒಳಗೆ ಎಳೆದುಕೊಳ್ಳುತ್ತಾರಾ?"

ಎಎಲ್‌ಇ-50ಯಲ್ಲಿ ಇಲ್ಲ, ಯಜಮಾನರೇ. ಇಳಿಯುವ ಮೊದಲು ತಂತಿ ಕತ್ತರಿಸಿ ಬಿಟ್ಟುಬಿಡುತ್ತಾರೆ. ಹೊರಗೆ ಬಿಟ್ಟ ಡಿಕಾಯ್, ಕ್ಷಿಪಣಿ ಬಂದರೂ ಬರದಿದ್ದರೂ, ವಾಪಸ್ ಮನೆಗೆ ಬರುವುದಿಲ್ಲ.